‘ಅಮ್ಮ’ ಅನ್ನುವಾಗ ತುಟಿ ಸೇರಲೇಬೇಕು: ಏಳು ಬ್ಲೆಂಡ್ ಶೇಪ್‌ಗಳಲ್ಲಿ ಲಿಪ್ ಸಿಂಕ್

ಒಂದು ಸಣ್ಣ ಮಾತು ತಗೊಳ್ಳೋಣ: “ಅಮ್ಮ, ನೀನು ಯಾವಾಗ ಬಂದೆ?” ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುವ ಸಾಲು. ಇದನ್ನು ಒಂದು 3ಡಿ ಪಾತ್ರದ ಬಾಯಲ್ಲಿ ಹೇಳಿಸುವುದು ಹೇಗೆ ಅಂತ ಮೊದಲಿಂದ ಕೊನೆವರೆಗೆ ನೋಡೋಣ. ನಾನು ಬ್ಲೆಂಡರ್‌ನಲ್ಲಿ ಮಾಡಿ ತೋರಿಸುತ್ತೇನೆ. ಮೊದಲೇ ಮಾಡಿಟ್ಟುಕೊಂಡ, ಬೇಕಾದಷ್ಟು ಬೆರೆಸಬಹುದಾದ ಬಾಯಿಯ ಆಕಾರವೇ ಬ್ಲೆಂಡ್ ಶೇಪ್. ಬ್ಲೆಂಡರ್‌ನಲ್ಲಿ ಅದಕ್ಕೆ ಶೇಪ್ ಕೀ ಅನ್ನುತ್ತಾರೆ, ಕೆಲವು ಕಡೆ ಮಾರ್ಫ್ ಟಾರ್ಗೆಟ್ ಅನ್ನುತ್ತಾರೆ. ಹೆಸರು ಬೇರೆ, ಒಳಗಿನ ಲೆಕ್ಕ ಒಂದೇ.

ನಾನು ಮೊದಲ ಸಲ ಲಿಪ್ ಸಿಂಕ್ ಮಾಡಿದಾಗ ಪ್ರತಿ ಅಕ್ಷರಕ್ಕೂ ಒಂದೊಂದು ಬಾಯಿ ಇಟ್ಟಿದ್ದೆ. ಪ್ಲೇ ಮಾಡಿ ನೋಡಿದರೆ ಪಾತ್ರ ಮಾತಾಡುತ್ತಿರಲಿಲ್ಲ, ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ತಮಾಷೆ ಅಂದರೆ, ಅಷ್ಟೆಲ್ಲ ಕೀಫ್ರೇಮ್ ಹಾಕಿದ್ದರೂ ‘ಮ್ಮ’ ಬರುವ ಕಡೆ ತುಟಿ ಮಾತ್ರ ಸೇರಿರಲಿಲ್ಲ. ಬೇಡದ್ದೆಲ್ಲ ಇತ್ತು, ಬೇಕಾದ್ದೇ ಇರಲಿಲ್ಲ.

ಅಕ್ಷರ ಬೇರೆ, ಬಾಯಿ ಬೇರೆ

ಕನ್ನಡಿ ಮುಂದೆ ನಿಂತು ‘ಪರ’, ‘ಬರ’, ‘ಮರ’ ಅಂತ ದನಿ ಬರದ ಹಾಗೆ ಬಾಯಾಡಿಸಿ. ಮೂರಕ್ಕೂ ಬಾಯಿ ಒಂದೇ ಥರ ಕಾಣುತ್ತೆ, ಅಲ್ವಾ? ಕಿವಿಗೆ ಮೂರು ಬೇರೆ ಬೇರೆ, ಕಣ್ಣಿಗೆ ಒಂದೇ. ಹೀಗೆ ಕಣ್ಣಿಗೆ ಒಂದೇ ಆಗಿ ಕಾಣುವ ದನಿಗಳ ಗುಂಪಿಗೆ ವಿಸೀಮ್ ಅನ್ನುತ್ತಾರೆ. ತುಟಿ ನೋಡಿ ಮಾತು ತಿಳಿಯುವವರು ಯಾವ ದನಿಯನ್ನು ಯಾವುದೆಂದು ತಪ್ಪು ತಿಳಿಯುತ್ತಾರೆ ಅಂತ ಪರೀಕ್ಷೆ ಮಾಡಿದ ಫಿಶರ್ 1968ರಲ್ಲಿ ಈ ಪದ ಬಳಕೆಗೆ ತಂದರು.

ಕನ್ನಡದವರಿಗೆ ಇಲ್ಲೊಂದು ಅನುಕೂಲ ಇದೆ. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಅಲ್ಲ, ಬರಹ ನೋಡಿದರೇ ದನಿ ಹೆಚ್ಚುಕಡಿಮೆ ಗೊತ್ತಾಗುತ್ತೆ. ಆದರೆ ಮೂರು ಕಡೆ ಬರಹ ಮೋಸ ಮಾಡುತ್ತೆ.

ಮೊದಲನೆಯದು ಸೊನ್ನೆ. ‘ತುಂಬ’ದಲ್ಲಿ ಅದು ಮ್, ತುಟಿ ಮುಚ್ಚುತ್ತೆ. ‘ಬಂದೆ’ಯಲ್ಲಿ ಅದು ನ್, ತುಟಿ ತೆರೆದೇ ಇರುತ್ತೆ, ನಾಲಿಗೆ ಮಾತ್ರ ಮೇಲೆ ಹೋಗುತ್ತೆ. ‘ಅಂಗಡಿ’ಯಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಸೊನ್ನೆ ಕಂಡ ಕಡೆಯೆಲ್ಲ ತುಟಿ ಮುಚ್ಚಿದರೆ ಪಾತ್ರ ‘ಬಂದೆ’ ಬದಲು ‘ಬಮ್ದೆ’ ಅಂದ ಹಾಗೆ ಕಾಣುತ್ತೆ.

ಎರಡನೆಯದು ಫ. ‘ಫೋನ್’ ಅನ್ನುವಾಗ ಕೆಳತುಟಿ ಮೇಲಿನ ಹಲ್ಲಿಗೆ ತಾಗುತ್ತೆ, ಎರಡು ತುಟಿ ಸೇರುವುದಿಲ್ಲ. ‘ಫಲ’ವನ್ನು ಕೆಲವರು ತುಟಿ ಸೇರಿಸಿ ಹೇಳುತ್ತಾರೆ, ಕೆಲವರು ‘ಫೋನ್’ ಥರವೇ ಹೇಳುತ್ತಾರೆ. ದನಿ ಕೊಟ್ಟವರು ಹೇಗೆ ಹೇಳಿದ್ದಾರೆ ಅಂತ ಕೇಳಿಯೇ ತೀರ್ಮಾನಿಸಬೇಕು.

ಮೂರನೆಯದು ಆಡುಮಾತು. ಹಾಳೆಯಲ್ಲಿ ‘ಬರುತ್ತೇನೆ’ ಅಂತ ಇರುತ್ತೆ, ಆಡಿಯೋದಲ್ಲಿ ‘ಬರ್ತೀನಿ’ ಅಂತ ಕೇಳಿಸುತ್ತೆ. ನೀವು ಹಾಳೆಗೆ ಬಾಯಿ ಆಡಿಸಿದರೆ ಇಲ್ಲದ ‘ರು’ಗೆ ತುಟಿ ದುಂಡಗಾಗುತ್ತೆ. ಸ್ಕ್ರಿಪ್ಟ್ ಪಕ್ಕಕ್ಕಿಡಿ. ಕಿವಿಗೆ ಬಿದ್ದದ್ದನ್ನು ನೀವೇ ಬರೆದುಕೊಂಡು, ಅದನ್ನು ಇಟ್ಟುಕೊಂಡು ಕೆಲಸ ಮಾಡಿ.

ಏಳು ಶೇಪ್ ಸಾಕು

ಹದಿನೈದು ವಿಸೀಮ್‌ಗಳ ಪಟ್ಟಿ ಇರುವ ವ್ಯವಸ್ಥೆಗಳಿವೆ, ಫೋನಿನ ಕ್ಯಾಮೆರಾದಿಂದ ಮುಖ ಹಿಡಿಯುವ ಎಆರ್‌ಕಿಟ್‌ನಲ್ಲಿ 52 ಬ್ಲೆಂಡ್ ಶೇಪ್ ಇವೆ. ಕೈಯಲ್ಲಿ ಅನಿಮೇಟ್ ಮಾಡುವವರಿಗೆ ಅಷ್ಟು ಬೇಡ. ಒಂದರ ಜೊತೆ ಇನ್ನೊಂದು ಬೆರೆಸಿದರೆ ಬೇಕಾದ ಬಾಯಿ ಬರುತ್ತೆ. ನಾನು ಇಟ್ಟುಕೊಳ್ಳುವುದು ಇಷ್ಟು:

```
jaw_open   v_mbp   v_fv   v_ee   v_oo   v_ch   tongue_up
```

ಇಲ್ಲಿ ‘ಆ’ಗೆ ಬೇರೆ ಶೇಪ್ ಇಲ್ಲ, ನೋಡಿ. ‘ಅ’, ‘ಆ’ ಅಂದರೆ ತುಟಿ ಏನೂ ಮಾಡುವುದಿಲ್ಲ, ದವಡೆ ಇಳಿಯುತ್ತೆ ಅಷ್ಟೇ. ಅದಕ್ಕೆ ದವಡೆಯನ್ನು ತುಟಿಯಿಂದ ಬೇರೆ ಇಟ್ಟಿದ್ದೇನೆ. ಅದೇ ಮಾತನ್ನು ಪಿಸುಗುಟ್ಟಬೇಕೋ ಕೂಗಬೇಕೋ, `jaw_open` ಒಂದನ್ನೇ ಕಡಿಮೆ ಜಾಸ್ತಿ ಮಾಡಿದರೆ ಬಹುಪಾಲು ಕೆಲಸ ಆಗಿಹೋಗುತ್ತೆ. ಮ, ಬ, ಪಗಳಿಗೆ `v_mbp`, ಫ, ವಗಳಿಗೆ `v_fv`, ‘ಈ’ಗೆ `v_ee`, ‘ಉ’ಗೆ `v_oo`. ‘ಎ’ ಬೇಕಾದರೆ `v_ee` ಅರ್ಧ, ಜೊತೆಗೆ ದವಡೆ ಸ್ವಲ್ಪ. ‘ಒ’ ಬೇಕಾದರೆ `v_oo` ಅರ್ಧಕ್ಕಿಂತ ಚೂರು ಜಾಸ್ತಿ, ಜೊತೆಗೆ ದವಡೆ. ‘ಸ’ಗೆ `v_ee` ಸ್ವಲ್ಪ ಕೊಟ್ಟು ದವಡೆಯನ್ನು ಹೆಚ್ಚುಕಡಿಮೆ ಮುಚ್ಚಿದರೆ ಆಯಿತು. ಚ, ಜ, ಶ, ಷಗಳಿಗೆ `v_ch`. ತ, ದ, ನ, ಲಗಳಿಗೆ `tongue_up`. ಟ, ಡ, ಣ, ಳಗಳಲ್ಲಿ ನಾಲಿಗೆ ಹಿಂದಕ್ಕೆ ಮಡಚುವುದರಿಂದ ಹೊರಗೆ ಅಷ್ಟಾಗಿ ಕಾಣುವುದಿಲ್ಲ. ಕ, ಗ, ಹಗಳಿಗೆ ಏನೂ ಹಾಕಬೇಡಿ. ಪಕ್ಕದ ಸ್ವರದ ಬಾಯೇ ಅವಕ್ಕೂ ಸಾಕು.

ಶೇಪ್ ಮಾಡುವ ಮೊದಲು ಒಂದು ಎಚ್ಚರಿಕೆ. ಮಿರರ್ ಮಾಡಿಫೈಯರ್ ಇದ್ದರೆ ಈಗಲೇ ಅಪ್ಲೈ ಮಾಡಿ. ಶೇಪ್ ಕೀ ಬಂದ ಮೇಲೆ ಬ್ಲೆಂಡರ್ ಅದನ್ನು ಅಪ್ಲೈ ಮಾಡಲು ಬಿಡುವುದಿಲ್ಲ. ಮೆಶ್‌ಗೆ ಹೊಸ ವರ್ಟೆಕ್ಸ್ ಸೇರಿಸುವುದಿದ್ದರೂ ಈಗಲೇ ಸೇರಿಸಿ. ಬ್ಲೆಂಡ್ ಶೇಪ್ ಅಂದರೆ ಅದೇ ವರ್ಟೆಕ್ಸ್‌ಗಳು ಬೇರೆ ಜಾಗದಲ್ಲಿ ಇರುವುದು. ಎಣಿಕೆ ಅಥವಾ ಕ್ರಮ ಬದಲಾದರೆ ಮುಖ ಮುದ್ದೆಯಾಗುತ್ತೆ.

ಈಗ `Shape Keys` ಪ್ಯಾನೆಲ್‌ನಲ್ಲಿ ಪ್ಲಸ್ ಒತ್ತಿದರೆ `Basis` ಬರುತ್ತೆ. ಅದು ಸುಮ್ಮನಿರುವ ಮುಖ, ತುಟಿ ಹಗುರಾಗಿ ತಾಗಿರಲಿ. ಮತ್ತೆ ಪ್ಲಸ್ ಒತ್ತಿ ಒಂದೊಂದೇ ಶೇಪ್ ಮಾಡಿ.

`v_ee`ಯಲ್ಲಿ ಬಾಯಿಯ ಮೂಲೆಗಳನ್ನು ಪಕ್ಕಕ್ಕೆ ಮತ್ತು ಚೂರು ಹಿಂದಕ್ಕೆ ಎಳೆಯಿರಿ. ಮೇಲಕ್ಕೆ ಎಳೆದರೆ ಅದು ನಗು, ‘ಈ’ ಅಲ್ಲ. ಆಮೇಲೆ ಸಿಟ್ಟಿನ ಸಾಲಿನಲ್ಲೂ ಪಾತ್ರ ‘ನೀನು’ ಅಂದಾಗಲೆಲ್ಲ ಹಲ್ಲುಕಿರಿಯುತ್ತೆ. `v_oo` ಮಾಡುವಾಗ ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿ. ಎಲ್ಲರೂ ಎಡವುವುದು ಇಲ್ಲೇ. ಮುಂದಿನಿಂದ ನೋಡುತ್ತಾ ಬಾಯಿ ಚಿಕ್ಕದು ಮಾಡಿ ಬಿಟ್ಟುಬಿಡುತ್ತಾರೆ, ತುಟಿ ಮುಂದಕ್ಕೆ ಬಂದೇ ಇರುವುದಿಲ್ಲ. ಪಕ್ಕದಿಂದ ನೋಡಿದಾಗ ತುಟಿ ಮುಂದಕ್ಕೆ ಹೊರಟ ಹಾಗೆ ಕಾಣಬೇಕು. `v_fv`ಗೆ ಕೆಳತುಟಿಯ ಒಳ ಅಂಚು ಮೇಲಿನ ಹಲ್ಲಿನ ತುದಿಗೆ ತಾಗಬೇಕು, ಹಾಗಾಗಿ ಹಲ್ಲಿನ ಮೆಶ್ ಕಾಣುವಂತೆ ಇಟ್ಟುಕೊಂಡೇ ಮಾಡಿ. `v_ch`ಗೆ ಎರಡು ತುಟಿಯನ್ನೂ ಸ್ವಲ್ಪ ಮುಂದಕ್ಕೆ ಅರಳಿಸಿ. `v_mbp`ಯಲ್ಲಿ ತುಟಿಗಳು ಒಂದನ್ನೊಂದು ಒತ್ತಿ, ಕೆಂಪು ಭಾಗ ಸ್ವಲ್ಪ ಒಳಗೆ ಸರಿಯಬೇಕು. ದವಡೆ ಮುಟ್ಟಬೇಡಿ.

`jaw_open` 1 ಅಂದರೆ ಜೋರಾಗಿ ಮಾತಾಡುವಾಗ ತೆರೆಯುವಷ್ಟು ಬಾಯಿ, ಆಕಳಿಕೆಯಷ್ಟಲ್ಲ. ಇದಕ್ಕೊಂದು ಕಾರಣ ಇದೆ. ಬ್ಲೆಂಡ್ ಶೇಪ್‌ನಲ್ಲಿ ಪ್ರತಿ ವರ್ಟೆಕ್ಸ್ ನೇರ ಗೆರೆಯಲ್ಲಿ ಹೋಗುತ್ತೆ, ನಿಜವಾದ ದವಡೆ ಕಿವಿಯ ಹತ್ತಿರದ ಕೀಲಿನ ಸುತ್ತ ತಿರುಗುತ್ತೆ. ಗದ್ದ ಆ ಕೀಲಿನಿಂದ 10 ಸೆಂಟಿಮೀಟರ್ ದೂರ ಇದ್ದು 20 ಡಿಗ್ರಿ ತಿರುಗಿದರೆ, ಅರ್ಧದಾರಿಯಲ್ಲಿ ಗದ್ದ ಇರಬೇಕಾದ ಜಾಗಕ್ಕಿಂತ ಒಂದೂವರೆ ಮಿಲಿಮೀಟರ್ ಒಳಗಿರುತ್ತೆ. ಮಾತಿಗೆ ಇದು ಪರವಾಗಿಲ್ಲ, ಯಾರಿಗೂ ಕಾಣಲ್ಲ. ಕಿರುಚುವ ಪಾತ್ರವಾದರೆ ದವಡೆಗೆ ಮೂಳೆ ಹಾಕಿ ತಿರುಗಿಸುವುದೇ ಸರಿ. ಕೆಳಗಿನ ಹಲ್ಲು ಬೇರೆ ಮೆಶ್ ಆಗಿದ್ದರೆ ಅದಕ್ಕೂ ಒಂದು `jaw_open` ಮಾಡಿ, ಮುಖದ ಕೀ ನೋಡಿಕೊಂಡು ನಡೆಯುವಂತೆ ಡ್ರೈವರ್ ಹಾಕಿ. ಮೇಲಿನ ಹಲ್ಲು ತಲೆಬುರುಡೆಗೆ ಅಂಟಿರುವುದು, ಯಾವತ್ತೂ ಅಲುಗಾಡಬಾರದು.

ನಾಲ್ಕು ಮಿಲಿಮೀಟರ್ ಸಂದು

ನನ್ನ ಮೊದಲ ಪ್ರಯತ್ನದಲ್ಲಿ ತುಟಿ ಯಾಕೆ ಸೇರಲಿಲ್ಲ ಅನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ:

```
v = v0 + w1*(v1 - v0) + w2*(v2 - v0) + ...
```

`v0` ಅಂದರೆ `Basis`ನಲ್ಲಿ ವರ್ಟೆಕ್ಸ್ ಇರುವ ಜಾಗ. ಪ್ರತಿ ಶೇಪ್ ತಾನು ವರ್ಟೆಕ್ಸನ್ನು ಎಷ್ಟು ಸರಿಸಬೇಕೋ ಅಷ್ಟನ್ನು ಕೂಡಿಸುತ್ತೆ, ಅಷ್ಟೇ. ಒಂದು ಶೇಪ್ ಬಂದರೆ ಇನ್ನೊಂದು ಹಿಂದೆ ಸರಿಯುವುದಿಲ್ಲ.

`jaw_open` 1 ಇದ್ದಾಗ ತುಟಿಗಳ ನಡುವೆ 20 ಮಿಲಿಮೀಟರ್ ಸಂದು ಅಂದುಕೊಳ್ಳಿ. ಮಾತಿನ ಓಟದಲ್ಲಿ ‘ಮ’ ಬರುವ ಹೊತ್ತಿಗೆ ದವಡೆ ಪೂರ್ತಿ ಮೇಲೆ ಬಂದಿರುವುದಿಲ್ಲ, 0.2 ಉಳಿದಿರುತ್ತೆ. ಅಲ್ಲಿಗೆ ಸಂದು 4 ಮಿಲಿಮೀಟರ್. ಈಗ `v_mbp` 1 ಮಾಡಿದರೂ ಅದು ತುಟಿಯನ್ನು ಒತ್ತುತ್ತೆ ಹೊರತು ಆ 4 ಮಿಲಿಮೀಟರನ್ನು ಮುಚ್ಚುವುದಿಲ್ಲ. ಮುಚ್ಚಿದ ತುಟಿಯ ಮೇಲೆ ಮಾಡಿದ ಶೇಪ್ ಅದು, ಸಂದು ಇದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ದವಡೆಯನ್ನು ಪ್ರತಿ ‘ಮ’ಗೂ 0ಗೆ ತರುವುದು ಒಂದು ದಾರಿ. ಆದರೆ ಹಾಗೆ ಮಾಡಿದರೆ ಮಾತು ಕತ್ತರಿ ಹಾಕಿದ ಹಾಗೆ ಕಾಣುತ್ತೆ. ನಿಜವಾದ ಬಾಯಲ್ಲಿ ದವಡೆ ಚೂರು ಕೆಳಗೇ ಇರುತ್ತೆ, ತುಟಿಗಳು ಎಳೆದುಕೊಂಡು ಸೇರುತ್ತವೆ. ಅದನ್ನೇ ಒಂದು ತಿದ್ದುವ ಶೇಪ್ ಆಗಿ ಮಾಡೋಣ.

`jaw_open` 1, `v_mbp` 1 ಇಡಿ. ಹೊಸ ಕೀ ಸೇರಿಸಿ `c_jaw_mbp` ಅಂತ ಹೆಸರಿಟ್ಟು, ಅದರ ಬೆಲೆಯನ್ನೂ 1 ಮಾಡಿ. ಶೇಪ್ ಕೀ ಪಟ್ಟಿಯ ಕೆಳಗಿರುವ `Shape Key Edit Mode` ಬಟನ್ ಒತ್ತಿದರೆ ಎಡಿಟ್ ಮೋಡ್‌ನಲ್ಲೂ ಮೂರೂ ಕೂಡಿದ ಮುಖ ಕಾಣುತ್ತೆ. ಆ ಮುಖದಲ್ಲಿ ತುಟಿಗಳನ್ನು ಎಳೆದು ಸೇರಿಸಿ, ಗದ್ದ ಕೆಳಗೇ ಇರಲಿ. ಆಮೇಲೆ ಈ ಕೀಯ ಬೆಲೆಯ ಮೇಲೆ ರೈಟ್ ಕ್ಲಿಕ್ ಮಾಡಿ `Add Driver` ಕೊಡಿ. ಎರಡು ವೇರಿಯಬಲ್ ಬೇಕು, ಎರಡಕ್ಕೂ ಐಡಿ ಬಗೆ `Key`:

```
jaw : key_blocks["jaw_open"].value
mbp : key_blocks["v_mbp"].value
expression : jaw * mbp
```

ಗುಣಾಕಾರ ಯಾಕೆ? ಸಂದು ದವಡೆಯ ಬೆಲೆಗೆ ಸರಿಯಾಗಿ ಬೆಳೆಯುತ್ತೆ. ದವಡೆ 0.2 ಇದ್ದು `v_mbp` 1 ಇದ್ದರೆ ತಿದ್ದುವ ಶೇಪ್ 0.2 ಆಗುತ್ತೆ, ಅದು ಮುಚ್ಚುವುದೂ ಸರಿಯಾಗಿ ಆ 4 ಮಿಲಿಮೀಟರನ್ನೇ. `v_mbp` 0 ಆದ ತಕ್ಷಣ ಇದೂ ಮಾಯ. ಇನ್ನು ಮುಂದೆ ದವಡೆ ಎಲ್ಲೇ ಇರಲಿ, `v_mbp` 1 ಅಂದರೆ ತುಟಿ ಸೇರಿತು ಅಂತಲೇ ಅರ್ಥ.

ಸಾಲಿಗೆ ಕೀ ಹಾಕುವುದು

ಮೊದಲು ಫ್ರೇಮ್ ರೇಟ್ ನಿಗದಿ ಮಾಡಿ, ಆಮೇಲೆ ಮುಟ್ಟಬೇಡಿ. ಆಡಿಯೋ ಸೆಕೆಂಡಿನ ಲೆಕ್ಕದಲ್ಲಿ ಓಡುತ್ತೆ, ಕೀಫ್ರೇಮ್‌ಗಳು, ಅಂದರೆ ಯಾವ ಫ್ರೇಮಿಗೆ ಶೇಪ್‌ನ ಬೆಲೆ ಎಷ್ಟು ಅನ್ನುವ ಗುರುತುಗಳು, ಫ್ರೇಮಿನ ಲೆಕ್ಕದಲ್ಲಿರುತ್ತವೆ. 24ರಲ್ಲಿ ಮಾಡಿ 30ಕ್ಕೆ ಬದಲಾಯಿಸಿದರೆ 52 ಫ್ರೇಮಿನ ಬಾಯಿ 2.17 ಸೆಕೆಂಡಿನ ಬದಲು 1.73 ಸೆಕೆಂಡಿಗೇ ಮುಗಿದುಹೋಗುತ್ತೆ. ಮೊದಲು ಸರಿ ಇದ್ದು ಬರುಬರುತ್ತಾ ಜಾರುವ ಲಿಪ್ ಸಿಂಕ್ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ.

ಆಡಿಯೋವನ್ನು ವಿಡಿಯೋ ಸೀಕ್ವೆನ್ಸರ್‌ನಲ್ಲಿ ಹಾಕಿ ವೇವ್‌ಫಾರ್ಮ್ ಕಾಣುವಂತೆ ಮಾಡಿ. ಟೈಮ್‌ಲೈನ್‌ನ `Playback` ಮೆನುವಿನಲ್ಲಿ `Sync to Audio` ಆರಿಸಿ, ಆಡಿಯೋ ಸ್ಕ್ರಬ್ಬಿಂಗ್ ಆನ್ ಮಾಡಿ. ಒಂದೊಂದೇ ಫ್ರೇಮ್ ಸರಿಸುತ್ತಾ ಯಾವ ದನಿ ಎಲ್ಲಿ ಶುರುವಾಗುತ್ತೆ ಅಂತ ಗುರುತು ಹಾಕಿಕೊಳ್ಳಿ. ನನ್ನ ಉದಾಹರಣೆಯಲ್ಲಿ ‘ಅ’ 10ನೇ ಫ್ರೇಮಿಗೆ, ‘ಮ್ಮ’ 13ಕ್ಕೆ, ಅದರ ನಂತರದ ‘ಅ’ 17ಕ್ಕೆ. 21ರಿಂದ 26ರವರೆಗೆ ಮೌನ. ‘ನೀ’ 27, ‘ನು’ 33, ‘ಯಾ’ 36, ‘ವಾ’ 41, ‘ಗ’ 47. ‘ಬ’ಗೆ ತುಟಿ ಮುಚ್ಚುವುದು 50ಕ್ಕೆ, ಬಿಡುವುದು 52ಕ್ಕೆ. ‘ದೆ’ 56.

ಎಲ್ಲ ಬಾಯನ್ನೂ ದನಿಗಿಂತ ಒಂದೆರಡು ಫ್ರೇಮ್ ಮುಂಚೆ ಇಡಬೇಕು. ಪ್ರಸಾರದವರಿಗಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾದ ಐಟಿಯು ಮಾಡಿರುವ ಬಿಟಿ.1359 ಶಿಫಾರಸಿನ ಪ್ರಕಾರ, ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೇ ನೋಡುವವರಿಗೆ ಗೊತ್ತಾಗಿಬಿಡುತ್ತೆ. ತಡವಾಗಿ ಬಂದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. 24ರಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಅಂದರೆ ಬಾಯಿ ಎರಡು ಫ್ರೇಮ್ ಮುಂದಿದ್ದರೂ ನಡೆಯುತ್ತೆ, ಎರಡು ಫ್ರೇಮ್ ಹಿಂದಿದ್ದರೆ ನಡೆಯಲ್ಲ.

ಮೊದಲ ಸುತ್ತಿನಲ್ಲಿ ದವಡೆ ಒಂದೇ:

```
frame     7    9    12   15   17   21   28   33
jaw_open  0   .35  .1   .1   .4   .1   .12  .1

frame     38   41   44   48   50   52   55   58   66
jaw_open  .55  .3   .65  .25  .1   .4   .15  .35  0
```

ಇಷ್ಟನ್ನೇ ಪ್ಲೇ ಮಾಡಿ ನೋಡಿ. ಬೊಂಬೆಯ ಬಾಯಿ ಥರ ಕಾಣುತ್ತೆ, ಆದರೆ ಮಾತಿನ ತಾಳ ಆಗಲೇ ಬಂದಿರುತ್ತೆ. ಬಂದಿಲ್ಲ ಅಂದರೆ ಮುಂದೆ ಹೋಗಬೇಡಿ. ತುಟಿ ಸೇರಿಸಿದರೆ ಅದು ಸರಿಹೋಗುವುದಿಲ್ಲ. 21ರಿಂದ ಮೌನ ಇದ್ದರೂ ದವಡೆಯನ್ನು 0ಗೆ ಇಳಿಸಿಲ್ಲ ಅನ್ನುವುದು ಗಮನಿಸಿ. ಮಾತು ಮುಗಿದಿಲ್ಲ, ನಮ್ಮ ಪಾತ್ರ ಉಸಿರು ತಗೊಳ್ಳುತ್ತಿದ್ದಾಳೆ ಅಷ್ಟೇ.

ಎರಡನೇ ಸುತ್ತು, ತುಟಿ ಮುಚ್ಚುವುದು:

```
frame   10  12  15  17     47  49  50  52
v_mbp   0   1   1   0      0   1   1   0
```

‘ಮ್ಮ’ ಒತ್ತಕ್ಷರ, ಅದಕ್ಕೆ 12ರಿಂದ 15ರವರೆಗೆ ನಾಲ್ಕು ಫ್ರೇಮ್ ಮುಚ್ಚಿಯೇ ಇದೆ. ಇಲ್ಲಿ ಎರಡೇ ಫ್ರೇಮ್ ಕೊಟ್ಟರೆ ಕಣ್ಣಿಗೆ ‘ಅಮ’ ಅಂತ ಕಾಣುತ್ತೆ. ಒತ್ತಕ್ಷರ ಇಲ್ಲದ ಕಡೆಯೂ ಎರಡು ಫ್ರೇಮಿಗಿಂತ ಕಡಿಮೆ ಬೇಡ. ಒಂದೇ ಫ್ರೇಮಿನ ಮುಚ್ಚುವಿಕೆ ಕಣ್ಣಿಗೆ ಬೀಳುವುದೇ ಇಲ್ಲ.

‘ಬ’ದ ಕಥೆ ಬೇರೆ. ‘ಮ’ ಅನ್ನುವಾಗ ತುಟಿ ಮುಚ್ಚಿರುವಾಗಲೇ ಮೂಗಿನಿಂದ ದನಿ ಚೆನ್ನಾಗಿ ಬರುತ್ತೆ, ಹಾಗಾಗಿ ವೇವ್‌ಫಾರ್ಮ್‌ನಲ್ಲಿ ‘ಮ’ ಎಲ್ಲಿ ಕಾಣುತ್ತೋ ಅಲ್ಲೇ ತುಟಿ ಮುಚ್ಚಿರುತ್ತೆ. ‘ಬ’, ‘ಪ’ಗಳಲ್ಲಿ ವೇವ್‌ಫಾರ್ಮ್ ಒಂದು ಕ್ಷಣ ತಗ್ಗಿ, ಆಮೇಲೆ ಚೂಪಾಗಿ ಎದ್ದೇಳುತ್ತೆ. ಕಣ್ಣಿಗೆ ಹೊಡೆಯುವುದು ಆ ಚೂಪು. ಅನೇಕರು ಮುಚ್ಚಿದ ಬಾಯನ್ನು ಅದರ ಮೇಲೇ ಇಡುತ್ತಾರೆ. ಆದರೆ ಅದು ತುಟಿ ಬಿಟ್ಟಾಗಿನ ಸದ್ದು. ತುಟಿ ಮುಚ್ಚಿದ್ದು ಅದಕ್ಕೂ ಮುಂಚಿನ ತಗ್ಗಿನಲ್ಲಿ. ನಮ್ಮ ಸಾಲಿನಲ್ಲಿ ಚೂಪು 52ಕ್ಕೆ ಇದೆ, ಆ ಹೊತ್ತಿಗೆ `v_mbp` 0ಗೆ ಬಂದಾಗಿದೆ.

ಕೀಗಳನ್ನು ಹಾಕಿದ ಮೇಲೆ ಗ್ರಾಫ್ ಎಡಿಟರ್‌ನಲ್ಲಿ ಎಲ್ಲವನ್ನೂ ಆರಿಸಿ, `V` ಒತ್ತಿ `Auto Clamped` ಕೊಡಿ. ಬರೀ `Automatic` ಇದ್ದರೆ ಗೆರೆ ಕೀಯ ಬೆಲೆ ದಾಟಿ ಉಬ್ಬುತ್ತೆ, ಎರಡು 1ಗಳ ನಡುವೆ ಸಮತಟ್ಟಾಗಿ ನಿಲ್ಲುವುದಿಲ್ಲ.

ಮೂರನೇ ಸುತ್ತಿಗೆ ಅಗಲ ಮತ್ತು ದುಂಡು. `v_ee` 26ರಲ್ಲಿ 0, 29ಕ್ಕೆ 0.8, 32ಕ್ಕೆ 0.6, 34ಕ್ಕೆ 0. `v_oo` 30ರಲ್ಲೇ 0ಯಿಂದ ಹೊರಟು 34ಕ್ಕೆ 0.45, 37ಕ್ಕೆ 0. ‘ನು’ ಶುರುವಾಗುವುದು 33ಕ್ಕೆ ಆದರೂ ತುಟಿ ಮೂರು ಫ್ರೇಮ್ ಮೊದಲೇ ದುಂಡಗಾಗತೊಡಗಿದೆ, ‘ನೀ’ ಇನ್ನೂ ಮುಗಿದೇ ಇಲ್ಲ. ನಮ್ಮ ಬಾಯಿ ಹೀಗೇ ಮಾಡುತ್ತೆ, ನಾಲಿಗೆ ಒಂದು ಅಕ್ಷರದಲ್ಲಿರುವಾಗ ತುಟಿ ಮುಂದಿನದಕ್ಕೆ ತಯಾರಾಗಿರುತ್ತೆ. ‘ಉ’ಗೆ 1 ಕೊಡದೆ 0.45 ಕೊಟ್ಟಿರುವುದಕ್ಕೆ ಕಾರಣ, ಪದದ ಕೊನೆಯ ಈ ‘ಉ’ವನ್ನು ಯಾರೂ ಪೂರ್ತಿ ದುಂಡು ಮಾಡಿ ಹೇಳುವುದಿಲ್ಲ. ‘ಯಾ’ ಶುರುವಿಗೆ 36ರಲ್ಲಿ `v_ee` 0.3 ಕೊಟ್ಟು 39ಕ್ಕೆ ಇಳಿಸಿ. ‘ದೆ’ಗೆ 55ರಲ್ಲಿ 0 ಇಟ್ಟು 57ಕ್ಕೆ 0.45, ದವಡೆಯ ಜೊತೆ 66ಕ್ಕೆ ಮತ್ತೆ 0.

‘ವಾ’ಗೆ `v_fv` 39ರಲ್ಲಿ 0, 41ಕ್ಕೆ 0.6, 43ಕ್ಕೆ 0. ಇದನ್ನು 1 ಮಾಡುವ ಆಸೆ ಆಗುತ್ತೆ, ಮಾಡಬೇಡಿ. ಕನ್ನಡದ ‘ವ’ದಲ್ಲಿ ತುಟಿ ಹಲ್ಲಿನ ಹತ್ತಿರ ಬಂದು ಸವರಿ ಹೋಗುತ್ತೆ, ಕಚ್ಚಿ ಹಿಡಿಯುವುದಿಲ್ಲ. 1 ಇಟ್ಟರೆ ‘ಯಾಫಾಗ’ ಅಂದ ಹಾಗೆ ಕಾಣುತ್ತೆ. ನಾಲಿಗೆ ಕೊನೆಗೆ. ‘ನೀ’, ‘ನು’, ‘ಂದೆ’ ಮೂರು ಕಡೆ `tongue_up` ಒಂದೆರಡು ಫ್ರೇಮ್ ಬಂದು ಹೋದರೆ ಸಾಕು.

ಇದನ್ನೆಲ್ಲ ಸಾಫ್ಟ್‌ವೇರ್ ತಾನೇ ಮಾಡಲ್ವಾ ಅಂದರೆ, ಮೊದಲ ಕರಡು ಮಾಡಿಕೊಡುತ್ತೆ. ರೂಬಾರ್ಬ್ ಅನ್ನುವ ಉಚಿತ ಸಾಧನ ಆಡಿಯೋ ಕೇಳಿ ಯಾವ ಹೊತ್ತಿಗೆ ಯಾವ ಬಾಯಿ ಅಂತ ಪಟ್ಟಿ ಕೊಡುತ್ತೆ. ಸುಮ್ನೆ ಓಡಿಸಿದರೆ ಅದು ಇಂಗ್ಲಿಷ್ ಪದ ಹುಡುಕುತ್ತೆ. ಕನ್ನಡಕ್ಕೆ ಹೀಗೆ ಕೊಡಿ:

```
rhubarb -r phonetic -o line.tsv line.wav
```

ಪಟ್ಟಿಯಲ್ಲಿ `A` ಅಂದರೆ ಮುಚ್ಚಿದ ತುಟಿ. ಬೇರೆ ಏನು ತಿದ್ದದಿದ್ದರೂ, ನಿಮ್ಮ ಸಾಲಿನ ಪ, ಬ, ಮಗಳನ್ನು ಎಣಿಸಿ `A`ಗಳ ಜೊತೆ ತಾಳೆ ನೋಡಿ.

ಬಾಯಿ ಮುಗಿದ ಮೇಲೆ

ಬಾಯೊಂದೇ ಆಡಿ ಉಳಿದ ಮುಖ ಕಲ್ಲಾಗಿದ್ದರೆ ಎಷ್ಟು ಚೆನ್ನಾಗಿ ಸಿಂಕ್ ಮಾಡಿದ್ದರೂ ಪ್ರಯೋಜನ ಇಲ್ಲ. ಈ ಸಾಲಿಗೆ ಬೇಕಾದ್ದು ಕಡಿಮೆ. 22ರ ಹತ್ತಿರ, ಮೌನದಲ್ಲಿ ಒಂದು ರೆಪ್ಪೆ ಬಡಿತ. ‘ಯಾವಾಗ’ದ ಹೊತ್ತಿಗೆ ಹುಬ್ಬು ಸ್ವಲ್ಪ ಮೇಲೆ, ಅದೂ ದನಿಗಿಂತ ಮೂರ್ನಾಲ್ಕು ಫ್ರೇಮ್ ಮುಂಚೆ.

ಅವಳು ನಗುತ್ತಾ ಕೇಳಬೇಕು ಅಂದರೆ ಒಂದು ತೊಡಕಿದೆ. ನಗು ಮೂಲೆಗಳನ್ನು ಹೊರಗೆ ಎಳೆಯುತ್ತೆ, `v_oo` ಒಳಗೆ ಎಳೆಯುತ್ತೆ. ಕೂಡಿಸಿದರೆ ಎರಡೂ ಅಲ್ಲದ ವಿಚಿತ್ರ ಬಾಯಿ ಬರುತ್ತೆ. ‘ನು’ ಬರುವ ನಾಲ್ಕೈದು ಫ್ರೇಮ್ ನಗುವಿನ ಬೆಲೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಏರಿಸಿ. ಕಣ್ಣಿನ ಕೆಳಗಿನ ನಗು ಹಾಗೇ ಇದ್ದರೆ ಬಾಯಲ್ಲಿ ಕಡಿಮೆಯಾದದ್ದು ಯಾರಿಗೂ ಗೊತ್ತಾಗಲ್ಲ.

ಕೊನೆಗೆ ದನಿ ಮ್ಯೂಟ್ ಮಾಡಿ, ಸಾಲು ಏನು ಅಂತ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಏನು ಹೇಳಿದಳು ಅಂತ ಕೇಳಬೇಡಿ, ಅದು ಯಾರಿಗೂ ಕಷ್ಟ. ತುಟಿ ಎಷ್ಟು ಸಲ ಮುಚ್ಚಿತು ಅಂತ ಕೇಳಿ. ಎರಡು ಅಂದರೆ ಸರಿ. ಒಂದು ಅಂದರೆ ‘ಬ’ದ ಮುಚ್ಚುವಿಕೆ ಒಂದೇ ಫ್ರೇಮಿಗೆ ಕುಗ್ಗಿದೆ, ಅಥವಾ ಅಲ್ಲಿ `c_jaw_mbp` ಕೆಲಸ ಮಾಡುತ್ತಿಲ್ಲ. ಮೂರು ಅಂದರೆ ‘ಬಂದೆ’ಯ ಸೊನ್ನೆಗೂ ತುಟಿ ಮುಚ್ಚಿಬಿಟ್ಟಿದ್ದೀರಿ, 54ನೇ ಫ್ರೇಮಿನ ಸುತ್ತ ಹುಡುಕಿ.